‘ಅಕ್ಷೀಯ ಯುಗ’ ನಮ್ಮ ವಿಶ್ವಾಸಕ್ಕೆ ಊರುಗೋಲಾಗಬಲ್ಲುದೇ?

ನಮ್ಮ ಸಭೆಗಳಲ್ಲಿ, ಯುವಕರ ಅಧ್ಯಯನ ಕೂಟಗಳಲ್ಲಿ, ಕೆಲವೊಮ್ಮೆ ಜುಮಾ ಪ್ರವಚನಗಳಲ್ಲಿಯೂ ಒಂದು ವಾದವು ಕೇಳಿಬರುತ್ತಿದೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಕಾಲದಲ್ಲಿ ಚೀನಾದಲ್ಲಿ ಕನ್ಫ್ಯೂಶಿಯಸ್, ಭಾರತದಲ್ಲಿ ಬುದ್ಧ ಮತ್ತು ಉಪನಿಷತ್ತುಗಳ ಚಿಂತಕರು, ಇರಾನಿನಲ್ಲಿ ಜರತುಷ್ಟ್ರ, ಬನೀ ಇಸ್ರಾಯೀಲರಲ್ಲಿ ಪ್ರವಾದಿಗಳು, ಗ್ರೀಸಿನಲ್ಲಿ ಸಾಕ್ರಟೀಸ್ ಮೊದಲಾದವರು ಏಕಕಾಲದಲ್ಲಿ ಕಾಣಿಸಿಕೊಂಡರು. ಪರಸ್ಪರ ಪರಿಚಯವೇ ಇಲ್ಲದ ಇವರೆಲ್ಲರೂ ಒಂದೇ ಬಗೆಯ ಮಾತನ್ನಾಡಿದರು. ಎಲ್ಲ ಸಮುದಾಯಗಳಿಗೂ ಸಂದೇಶವಾಹಕರು ಬಂದಿದ್ದಾರೆಂಬ ಪವಿತ್ರ ಕುರ್‌ಆನಿನ ಪ್ರತಿಪಾದನೆಗೆ ಇದೇ ಐತಿಹಾಸಿಕ ಪುರಾವೆ ಎಂಬುದು ಆ ವಾದ. ಇದೇ ಸಂಗತಿಯನ್ನು ಹಿಡಿದುಕೊಂಡು ನೇರ ವಿರುದ್ಧ ದಿಕ್ಕಿಗೆ ಸಾಗುವವರೂ ಇದ್ದಾರೆ. ಧರ್ಮವೆಂಬುದು ಮಾನವ ಸಮಾಜದ ಒಂದು ಹಂತದಲ್ಲಿ ತಾನಾಗಿ ಮೂಡಿದ ಫಲ, ಎಲ್ಲೆಡೆ ಒಟ್ಟಿಗೆ ಮೂಡಿದುದೇ ಅದಕ್ಕೆ ಸಾಕ್ಷಿ, ಇದರಲ್ಲಿ ದಿವ್ಯವಾಣಿಗೆ ಸ್ಥಳವಿಲ್ಲ ಎಂದು ಅವರು ಹೇಳುತ್ತಾರೆ.

ಇಬ್ಬರ ತೀರ್ಮಾನಗಳೂ ಬೇರೆ ಬೇರೆ. ಆದರೆ ಇಬ್ಬರೂ ಕುಳಿತಿರುವುದು ಒಂದೇ ಕೊಂಬೆಯ ಮೇಲೆ. ಆ ಕೊಂಬೆ ಗಟ್ಟಿಯಾಗಿದೆಯೇ ಎಂದು ಯಾರೂ ತಟ್ಟಿ ನೋಡುತ್ತಿಲ್ಲ. ಅದನ್ನು ತಟ್ಟಿ ನೋಡುವುದೇ ಈ ಲೇಖನದ ಉದ್ದೇಶ. ಇದಕ್ಕಾಗಿ ನಾವು ಬಹುದೂರ ಹೋಗಬೇಕಾಗಿಯೂ ಇಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಒಂದು ಬಂಡೆ, ದೇವದುರ್ಗ ಮತ್ತು ಮಾನ್ವಿ ಸೀಮೆಯ ಮೂರು ಹಳ್ಳಿಗಳು ನಮಗೆ ಬೇಕಾದ ಒರೆಗಲ್ಲನ್ನು ಒದಗಿಸುತ್ತವೆ.

ವಾದದ ಹುಟ್ಟು

‘ಅಕ್ಷೀಯ ಯುಗ’ ಎಂಬ ಹೆಸರು ಜರ್ಮನಿಯ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಅವರದು. ಅಕ್ಷವೆಂದರೆ ಗಾಡಿಯ ಅಚ್ಚು. ಇಡೀ ಚಕ್ರವು ಅದರ ಸುತ್ತ ತಿರುಗುತ್ತದೆ. 1949ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಮಾನವ ಇತಿಹಾಸದ ಅಚ್ಚು ಈ ಆರು ನೂರು ವರ್ಷಗಳಲ್ಲಿಯೇ ಇದೆಯೆಂದು ಪ್ರತಿಪಾದಿಸಿದರು. ಅದಕ್ಕೂ ಮುಂಚೆ ಹೆಗೆಲ್ ಮೊದಲಾದ ಐರೋಪ್ಯ ಚಿಂತಕರು ಯೇಸುವಿನ ಆಗಮನವನ್ನೇ ಇತಿಹಾಸದ ಅಚ್ಚು ಎಂದು ಭಾವಿಸಿದ್ದರು. ಕ್ರೈಸ್ತರಲ್ಲದವರಿಗೆ ಅದು ಒಪ್ಪಿತವಾಗದು. ಎಲ್ಲರೂ ತಮ್ಮದೆಂದು ಒಪ್ಪಬಹುದಾದ ಒಂದು ಅಚ್ಚು ಬೇಕು ಎಂಬುದು ಯಾಸ್ಪರ್ಸರ ಆಶಯವಾಗಿತ್ತು. ಅವರ ಪತ್ನಿ ಯಹೂದಿ ಮನೆತನದವರಾಗಿದ್ದ ಕಾರಣ ನಾಝಿ ಸರಕಾರವು 1937ರಲ್ಲಿ ಅವರನ್ನು ಅಧ್ಯಾಪನದಿಂದ ಹೊರಹಾಕಿತ್ತು. ಜನಾಂಗದ್ವೇಷದಿಂದ ಸುಟ್ಟು ಬೂದಿಯಾದ ನಾಡಿನಲ್ಲಿ ನಿಂತು, ಮಾನವಕುಲವೆಲ್ಲ ಒಂದೇ ಬೇರಿನದು ಎಂದು ಹೇಳಬಯಸಿದ ಆ ಮನಸ್ಸನ್ನು ನಾವು ಗೌರವಿಸುತ್ತೇವೆ. ಆದರೆ ಆಶಯವು ಉದಾತ್ತವಾದ ಮಾತ್ರಕ್ಕೆ ವಾದವು ಸತ್ಯವಾಗುವುದಿಲ್ಲ. ಅದನ್ನು ಇತಿಹಾಸದ ಕಟಕಟೆಯಲ್ಲಿಯೇ ವಿಚಾರಿಸಬೇಕು.

ಈ ವಾದವು ಮೂರು ಕಾಲುಗಳ ಮೇಲೆ ನಿಂತಿದೆ. ಮೊದಲನೆಯದು, ಇವರೆಲ್ಲ ಒಂದೇ ಕಾಲದವರು ಎಂಬುದು. ಎರಡನೆಯದು, ಇವರಿಗೆ ಪರಸ್ಪರ ಸಂಪರ್ಕವಿರಲಿಲ್ಲ ಎಂಬುದು. ಮೂರನೆಯದು, ಇವರ ಮಾತು ಹಿಂದೆಂದೂ ಇಲ್ಲದ ಹೊಸ ಮಾತು ಎಂಬುದು. ಒಂದೊಂದನ್ನಾಗಿ ನೋಡೋಣ.

ಮಸ್ಕಿಯ ಬಂಡೆ ಹೇಳುವುದೇನು?

ಒಂದೇ ಕಾಲದವರು ಎನ್ನಬೇಕಾದರೆ ಪ್ರತಿಯೊಬ್ಬರ ಕಾಲವೂ ನಮಗೆ ತಿಳಿದಿರಬೇಕು. ಭಾರತದ ಮಟ್ಟಿಗೆ ಈ ಕಾಲಗಣನೆಯ ಗೂಟವನ್ನು ಹೊಡೆದಿರುವುದು ಸಾಮ್ರಾಟ ಅಶೋಕನ ಕಾಲದ ಮೇಲೆ. ಅಶೋಕನ ಕಾಲವು ನಿಶ್ಚಿತವಾದದ್ದು ಹೀಗೆ: ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಆತನು ಸಮಕಾಲೀನರಾದ ಐವರು ಯವನ ಅರಸರನ್ನು ಹೆಸರಿಸಿದ್ದಾನೆ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ ಮೊದಲಾದ ಆ ಅರಸರ ಆಳ್ವಿಕೆಯ ವರ್ಷಗಳು ಗ್ರೀಕ್ ಮೂಲಗಳಿಂದ ತಿಳಿದಿವೆ. ಅವುಗಳನ್ನು ಹೊಂದಿಸಿ ನೋಡಿದ ವಿದ್ವಾಂಸರು ಅಶೋಕನ ಪಟ್ಟಾಭಿಷೇಕವನ್ನು ಕ್ರಿ.ಪೂ. 268ರ ಆಸುಪಾಸಿನಲ್ಲಿ ಇರಿಸುತ್ತಾರೆ.

ಆದರೆ ಶಾಸನಗಳಲ್ಲಿ ಬಹುಪಾಲು ಕಾಣುವುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಬೌದ್ಧ ಗ್ರಂಥಗಳು ಕೊಂಡಾಡುವ ಅಶೋಕನೇ ಈ ದೇವಾನಾಂಪ್ರಿಯನೆಂದು ವಿದ್ವಾಂಸರು ಸಿಂಹಳದ ವೃತ್ತಾಂತಗಳ ನೆರವಿನಿಂದ ಊಹಿಸಿದ್ದರೇ ಹೊರತು, ಕಲ್ಲಿನ ಸಾಕ್ಷಿ ಇರಲಿಲ್ಲ. ಆ ಸಾಕ್ಷಿಯನ್ನು ಒದಗಿಸಿದ್ದು ನಮ್ಮ ಮಸ್ಕಿ. ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರರು 1915ರಲ್ಲಿ ಅಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಆಗ ಈ ಸೀಮೆ ನಿಝಾಮರ ಆಳ್ವಿಕೆಯಲ್ಲಿತ್ತು. ಗುಲಾಮ್ ಯಝ್ದಾನಿಯವರ ನೇತೃತ್ವದಲ್ಲಿ ಅದಕ್ಕೆ ಮುಂಚಿನ ವರ್ಷವಷ್ಟೇ ಆರಂಭವಾಗಿದ್ದ ಹೈದರಾಬಾದಿನ ಪುರಾತತ್ವ ಇಲಾಖೆಯು ತನ್ನ ಪ್ರಕಟಣೆಗಳ ಮಾಲೆಯ ಮೊದಲ ಸಂಚಿಕೆಯನ್ನಾಗಿಯೇ ಈ ಶಾಸನವನ್ನು ಹೊರತಂದಿತು. ಪಾಠವನ್ನು ಸಿದ್ಧಪಡಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಆ ಪಾಠದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರು ಇತ್ತು. ಊಹೆಯು ಹೀಗೆ ನಿಶ್ಚಯವಾಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಆ ಹೆಸರುಳ್ಳ ಬೇರೆ ಶಾಸನಗಳು ದೊರೆತದ್ದು ಹಲವು ದಶಕಗಳ ಬಳಿಕ.

ಈಗ ಈ ಗೂಟಕ್ಕೆ ಹಗ್ಗ ಕಟ್ಟಿ ಬುದ್ಧನ ಕಾಲವನ್ನು ಅಳೆಯೋಣ. ಸಿಂಹಳದ ವೃತ್ತಾಂತಗಳು ಬುದ್ಧನ ನಿರ್ವಾಣದ 218 ವರ್ಷಗಳ ಬಳಿಕ ಅಶೋಕನ ಪಟ್ಟಾಭಿಷೇಕವಾಯಿತೆಂದು ಹೇಳುತ್ತವೆ. 268ಕ್ಕೆ 218ನ್ನು ಕೂಡಿಸಿದರೆ ನಿರ್ವಾಣದ ವರ್ಷ ಕ್ರಿ.ಪೂ. 486 ಆಗುತ್ತದೆ. ಉತ್ತರದ ಬೌದ್ಧ ಪರಂಪರೆಯು ಆ ಅಂತರವನ್ನು ಸುಮಾರು 100 ವರ್ಷವೆಂದೇ ಹೇಳುತ್ತದೆ. ಆ ಲೆಕ್ಕದಂತೆ ನಿರ್ವಾಣವು ಕ್ರಿ.ಪೂ. 368ರ ಹತ್ತಿರಕ್ಕೆ ಬರುತ್ತದೆ. ಶ್ರೀಲಂಕಾದಲ್ಲಿ ಇಂದಿಗೂ ಆಚರಣೆಯಲ್ಲಿರುವ ಬೌದ್ಧ ಶಕೆಯು ಅದನ್ನು ಕ್ರಿ.ಪೂ. 544ಕ್ಕೆ ಒಯ್ಯುತ್ತದೆ. ಇಂದಿನ ವಿದ್ವಾಂಸರಲ್ಲಿ ಹಲವರು ಕ್ರಿ.ಪೂ. 400ರ ಆಸುಪಾಸನ್ನು ಒಪ್ಪುತ್ತಾರೆ. ಒಬ್ಬ ವ್ಯಕ್ತಿಯ ಮರಣದ ವರ್ಷದಲ್ಲಿ ನೂರೆಪ್ಪತ್ತು ವರ್ಷಗಳ ಏರುಪೇರು! ಅದೂ ಎಲ್ಲಕ್ಕಿಂತ ಉತ್ತಮವಾದ ಗೂಟವಿರುವ ಕಡೆಯಲ್ಲಿ.

ಉಳಿದವರ ಸ್ಥಿತಿ ಇನ್ನೂ ಸಡಿಲ. ಜರತುಷ್ಟ್ರನನ್ನು ಅಲೆಕ್ಸಾಂಡರನಿಗಿಂತ 258 ವರ್ಷ ಹಿಂದಿನವನೆಂದು ಇರಾನಿನ ಒಂದು ಪರಂಪರೆ ಹೇಳುತ್ತದೆ. ಆದರೆ ಆತನದೆನ್ನಲಾದ ಗಾಥೆಗಳ ಭಾಷೆಯು ಋಗ್ವೇದದ ಭಾಷೆಗೆ ಅತ್ಯಂತ ಸಮೀಪದ್ದಾದ ಕಾರಣ ಅನೇಕ ಭಾಷಾಶಾಸ್ತ್ರಜ್ಞರು ಆತನನ್ನು ಕ್ರಿ.ಪೂ. 1000ಕ್ಕೂ ಹಿಂದೆ ಇರಿಸುತ್ತಾರೆ. ಅವರ ಮಾತು ನಿಜವಾದರೆ ಆತನು ಅಕ್ಷೀಯ ಯುಗದ ಬಾಗಿಲಿನಿಂದಲೇ ಹೊರಗೆ. ಚೀನಾದ ಲಾವೋ ತ್ಸು ಎಂಬಾತನು ಯಾರು, ಯಾವಾಗ ಇದ್ದನು ಎಂಬುದು ಎರಡು ಸಾವಿರ ವರ್ಷಗಳ ಹಿಂದೆ ಆತನ ವೃತ್ತಾಂತವನ್ನು ಬರೆದ ಚೀನೀ ಇತಿಹಾಸಕಾರ ಸೀಮಾ ಚಿಯೆನನಿಗೇ ಖಚಿತವಿರಲಿಲ್ಲ. ಹೀಗೆ ಪಟ್ಟಿಯಲ್ಲಿರುವ ಹೆಸರುಗಳ ಕಾಲವೇ ತೂಗುಯ್ಯಾಲೆಯಲ್ಲಿರುವಾಗ ಅವರೆಲ್ಲ ‘ಏಕಕಾಲ’ದವರೆಂದು ಹೇಳಲು ಆಧಾರವೆಲ್ಲಿದೆ?

ಆರು ನೂರು ವರ್ಷವು ‘ಏಕಕಾಲ’ವೇ?

ಕಾಲಗಳೆಲ್ಲ ಯಾಸ್ಪರ್ಸರು ಹೇಳಿದಂತೆಯೇ ಇವೆಯೆಂದು ವಾದಕ್ಕಾಗಿ ಒಪ್ಪೋಣ. ಆಗಲೂ ಆ ಕಿಟಕಿಯ ಅಗಲ ಆರು ನೂರು ವರ್ಷ. ರಾಯಚೂರಿನ ಏಕ್ ಮೀನಾರ್ ಮಸೀದಿ ನಿರ್ಮಾಣವಾದದ್ದು 1513ರಲ್ಲಿ. ಅದರಿಂದ ಆರು ನೂರು ವರ್ಷ ಹಿಂದಕ್ಕೆ ಹೋದರೆ ನಾವು ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಆದಿಕವಿ ಪಂಪನು ತನ್ನ ಕಾವ್ಯಗಳನ್ನು ಬರೆಯುವುದಕ್ಕೂ ಮುಂಚಿನ ದಿನಗಳಲ್ಲಿ ಇರುತ್ತೇವೆ. ಪಂಪನನ್ನೂ ಆ ಮೀನಾರನ್ನು ಕಟ್ಟಿದ ಶಿಲ್ಪಿಗಳನ್ನೂ ಸಮಕಾಲೀನರೆಂದು ಯಾರಾದರೂ ಕರೆದರೆ ನಮ್ಮ ಶಾಲೆಯ ಮಕ್ಕಳೇ ನಗುತ್ತಾರೆ. ಬಹುದೂರದ ಕಾಲವಾದ್ದರಿಂದ ಮಾತ್ರ ಈ ಅಂತರ ನಮಗೆ ಚಿಕ್ಕದಾಗಿ ತೋರುತ್ತದೆ. ದೂರದ ಎರಡು ಬೆಟ್ಟಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಹಾಗೆ.

ಇನ್ನೊಂದು ಪ್ರಯೋಗವನ್ನು ಮಾಡಿ ನೋಡೋಣ. ಕ್ರಿ.ಶ. 1100ರಿಂದ 1300ರವರೆಗಿನ ಎರಡು ನೂರು ವರ್ಷಗಳನ್ನು ಮಾತ್ರ ತೆಗೆದುಕೊಳ್ಳೋಣ. ಇಮಾಮ್ ಗಝಾಲಿಯವರು ಇಹಲೋಕವನ್ನು ತ್ಯಜಿಸಿದ್ದು 1111ರಲ್ಲಿ. ಕಲ್ಯಾಣದಲ್ಲಿ ಬಸವಣ್ಣನವರು ಇದ್ದದ್ದು ಹನ್ನೆರಡನೆಯ ಶತಮಾನದಲ್ಲಿ. ಇಬ್ನು ರುಶ್ದ್ ತೀರಿಕೊಂಡದ್ದು 1198ರಲ್ಲಿ. ಚೀನಾದಲ್ಲಿ ಕನ್ಫ್ಯೂಶಿಯಸನ ಚಿಂತನೆಗೆ ಮರುಹುಟ್ಟು ಕೊಟ್ಟ ಜು ಶೀ ತೀರಿಕೊಂಡದ್ದು 1200ರಲ್ಲಿ. ಯಹೂದಿ ಧರ್ಮಶಾಸ್ತ್ರಜ್ಞ ಮೂಸಾ ಬಿನ್ ಮೈಮೂನ್ 1204ರಲ್ಲಿ. ಇಬ್ನು ಅರಬಿ 1240ರಲ್ಲಿ. ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ 1274ರಲ್ಲಿ. ಉಡುಪಿಯ ಮಧ್ವಾಚಾರ್ಯರೂ ಅದೇ ಹದಿಮೂರನೆಯ ಶತಮಾನದವರು. ಚೀನಾದಿಂದ ಸ್ಪೇನಿನವರೆಗೆ, ಐದು ಧರ್ಮಪರಂಪರೆಗಳಲ್ಲಿ, ಯಾಸ್ಪರ್ಸರ ಕಿಟಕಿಯ ಮೂರನೆಯ ಒಂದು ಭಾಗದಷ್ಟು ಅವಧಿಯಲ್ಲಿ ಇಷ್ಟೊಂದು ಹಿರಿಯರು! ಇವರ ಕಾಲಗಳಲ್ಲಿ ಬಹುತೇಕ ಸಂದೇಹವೂ ಇಲ್ಲ. ಹಾಗಾದರೆ ಇದನ್ನೇ ಇತಿಹಾಸದ ಅಚ್ಚು ಎಂದು ಏಕೆ ಕರೆಯಬಾರದು?

ಕರೆಯಬಾರದು, ಏಕೆಂದರೆ ಪಟ್ಟಿಯನ್ನು ಮಾಡಿದವರು ನಾವು. ಬೇಕಾದವರನ್ನು ಆರಿಸಿಕೊಂಡೆವು, ಕಿಟಕಿಯನ್ನು ಅವರ ಅಳತೆಗೆ ಕೊರೆದೆವು, ಆಮೇಲೆ ಎಲ್ಲರೂ ಒಂದೇ ಕಿಟಕಿಯಲ್ಲಿ ಕಾಣಿಸಿದರೆಂದು ವಿಸ್ಮಯಪಟ್ಟೆವು. ಅಕ್ಷೀಯ ಯುಗದ ವಿಸ್ಮಯವೂ ಹೀಗೆಯೇ ಕಟ್ಟಿದ್ದು ಎಂಬುದು ಇತಿಹಾಸಕಾರರ ಆಕ್ಷೇಪಗಳಲ್ಲಿ ಅತ್ಯಂತ ಬಲವಾದುದು. ಇಂತಹ ವಾದವನ್ನು ಕೇಳಿದಾಗ ವಾಚಕರು ಕೇಳಬೇಕಾದ ಪ್ರಶ್ನೆ ಒಂದೇ: ಕಿಟಕಿಯನ್ನು ಮೊದಲು ಕೊರೆದರೇ, ಹೆಸರುಗಳನ್ನು ಮೊದಲು ಆರಿಸಿದರೇ?

ಸಂಪರ್ಕವೆಂದರೆ ಏನೆಂದು ದೇವದುರ್ಗ, ಮಾನ್ವಿಗಳನ್ನು ಕೇಳೋಣ

ನಿಜವಾದ ಏಕಕಾಲಿಕತೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಹರಿದಾಸ ಪರಂಪರೆಯ ವಿಜಯದಾಸರು (1682–1755) ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು (1721–1762) ದೇವದುರ್ಗ ತಾಲೂಕಿನ ಮೊಸರುಕಲ್ಲಿನವರು. ಜಗನ್ನಾಥದಾಸರು (1728–1809) ಮಾನ್ವಿ ತಾಲೂಕಿನ ಬ್ಯಾಗವಾಟದವರು. ನಮ್ಮ ಅನೇಕ ಕುಟುಂಬಗಳ ಹೊಲಗಳು ಈ ಊರುಗಳ ಸೀಮೆಯಲ್ಲಿವೆ. ಆ ಹೆಸರುಗಳು ನಮಗೆ ಅಪರಿಚಿತವಲ್ಲ.

ಮೂವರೂ ಒಂದೇ ಶತಮಾನದವರು, ಒಂದೇ ದೋಆಬಿನವರು. ಆದರೆ ಇದನ್ನು ಯಾರೂ ಇತಿಹಾಸದ ಒಗಟೆಂದು ಕರೆಯುವುದಿಲ್ಲ. ಏಕೆಂದರೆ ಇದರ ಕಾರಣವು ತಿಳಿದಿದೆ. ವಿಜಯದಾಸರು ಗೋಪಾಲದಾಸರಿಗೆ ಗುರುಗಳು. ಗೋಪಾಲದಾಸರು ಜಗನ್ನಾಥದಾಸರನ್ನು ಆ ಮಾರ್ಗಕ್ಕೆ ತಂದವರು. ಅವರಿಗೆ ಸಮಾನವಾದ ಭಾಷೆಯಿತ್ತು, ಸಮಾನವಾದ ಗ್ರಂಥಗಳಿದ್ದವು, ಪುರಂದರದಾಸರಿಂದ ಬಂದ ಹಾಡಿನ ರೂಢಿಯಿತ್ತು. ಒಬ್ಬರಿಂದ ಮತ್ತೊಬ್ಬರಿಗೆ ಮಾತು ಸಾಗಿದ ದಾರಿಯನ್ನು ತೋರಿಸಬಹುದು. ಏಕಕಾಲಿಕತೆಗೆ ಇತಿಹಾಸಕಾರನು ಬಯಸುವ ವಿವರಣೆ ಇಂಥದು.

ಈ ಒರೆಗಲ್ಲನ್ನು ಹಿಡಿದು ಯಾಸ್ಪರ್ಸರ ಪಟ್ಟಿಗೆ ಮರಳೋಣ. ಅಲ್ಲಿ ಸಂಪರ್ಕವೇ ಇರಲಿಲ್ಲ, ಅದರಿಂದಲೇ ಈ ಸಾಮ್ಯವು ಒಂದು ರಹಸ್ಯ ಎನ್ನಲಾಗುತ್ತದೆ. ನಿಜವಾಗಿಯೂ ಇರಲಿಲ್ಲವೇ? ಕ್ರಿ.ಪೂ. ಆರನೆಯ ಶತಮಾನದ ಕೊನೆಯಲ್ಲಿ ಪರ್ಶಿಯಾದ ದಾರಾ ಎಂಬ ಒಬ್ಬನೇ ಚಕ್ರವರ್ತಿಯ ಆಳ್ವಿಕೆಯಲ್ಲಿ ಏಷ್ಯಾ ಮೈನರಿನ ಗ್ರೀಕ್ ನಗರಗಳೂ ಯಹೂದಿಗಳ ಜೆರುಸಲೇಮೂ ಇರಾನೂ ಗಾಂಧಾರ ಹಾಗೂ ಸಿಂಧೂ ಪ್ರದೇಶಗಳೂ ಇದ್ದವು. ಒಂದೇ ಸರಕಾರದ ಅಂಚೆಯ ದಾರಿ, ಒಂದೇ ಕಚೇರಿಭಾಷೆಯಾದ ಅರಮಾಯಿಕ್, ಒಂದೇ ಸೈನ್ಯ. ಅಶೋಕನು ಯವನ ಅರಸರ ನಾಡುಗಳಿಗೆ ತನ್ನ ಧಮ್ಮವನ್ನು ತಲುಪಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ. ಆತನ ಆಜ್ಞೆಯನ್ನು ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲಿಯೂ ಕೆತ್ತಿದ ಬಂಡೆಯು 1958ರಲ್ಲಿ ಕಂದಹಾರದಲ್ಲಿ ದೊರೆಯಿತು. ಬುದ್ಧನು ಗ್ರೀಕರಿಂದ ಕಲಿತನೆಂದೋ ಗ್ರೀಕರು ಬುದ್ಧನಿಂದ ಕಲಿತರೆಂದೋ ಇದರಿಂದ ಸಿದ್ಧವಾಗುವುದಿಲ್ಲ. ಆದರೆ ನಾಲ್ಕು ಮುಚ್ಚಿದ ಕೋಣೆಗಳಲ್ಲಿ ನಾಲ್ಕು ದೀಪಗಳು ತಾವಾಗಿ ಹೊತ್ತಿಕೊಂಡವು ಎಂಬ ಚಿತ್ರವು ಸುಳ್ಳೆಂದು ಸಿದ್ಧವಾಗುತ್ತದೆ. ಕೋಣೆಗಳ ನಡುವೆ ಬಾಗಿಲುಗಳಿದ್ದವು. ಬಹುಮಟ್ಟಿಗೆ ಪ್ರತ್ಯೇಕವಾಗಿ ಉಳಿದದ್ದು ಚೀನಾ ಒಂದೇ.

ಹೊರಗುಳಿದವರು ಯಾರು?

ಮೂರನೆಯ ಕಾಲು ಹೊಸತನದ್ದು. ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿಯೇ ಈಜಿಪ್ಟಿನ ಅಖೆನಾತನ್ ಎಂಬ ಫರೋಹನು ಇತರ ದೇವತೆಗಳ ಆರಾಧನೆಯನ್ನು ತಳ್ಳಿಹಾಕಿ ಒಂದೇ ಸೂರ್ಯದೇವತೆಯನ್ನು ನಿಲ್ಲಿಸಲು ಯತ್ನಿಸಿದ್ದನು. ಅದು ನಾವು ತೌಹೀದ್ ಎಂದು ಕರೆಯುವುದಲ್ಲ; ಆದರೂ ರೂಢಿಯ ಧರ್ಮವನ್ನೇ ಬುಡದಿಂದ ಪ್ರಶ್ನಿಸುವ ಕಾರ್ಯವು ಅಕ್ಷೀಯ ಯುಗಕ್ಕೆ ಶತಮಾನಗಳ ಮುಂಚೆಯೇ ನಡೆದಿತ್ತೆಂಬುದಕ್ಕೆ ಅದು ಸಾಕ್ಷಿ. ಮರಣಾನಂತರ ಮನುಷ್ಯನ ಹೃದಯವನ್ನು ತಕ್ಕಡಿಯಲ್ಲಿಟ್ಟು ಆತನ ನಡತೆಯನ್ನು ತೂಗಲಾಗುತ್ತದೆಂಬ ನಂಬಿಕೆಯೂ ಈಜಿಪ್ಟಿನಲ್ಲಿ ಅಷ್ಟೇ ಹಳೆಯದು. ಈಜಿಪ್ಟಿನ ಧರ್ಮಗಳ ಹಿರಿಯ ವಿದ್ವಾಂಸರಾದ ಯಾನ್ ಅಸ್ಮಾನ್ ಈ ಕಾರಣದಿಂದಲೇ ಯಾಸ್ಪರ್ಸರನ್ನು ತಿದ್ದಿದರು. ಅಂತಹ ಚಿಂತನೆಗಳು ಬೇರೆ ಬೇರೆ ಕಾಲಗಳಲ್ಲಿ ಮೂಡಿವೆ. ಕೆಲವು ಉಳಿದವು, ಕೆಲವು ಅಳಿದವು. ಉಳಿದವು ಬರಹಕ್ಕಿಳಿದು, ಪವಿತ್ರಗ್ರಂಥಗಳಾಗಿ ನಿಂತು, ತಲೆಮಾರುಗಳಿಂದ ವ್ಯಾಖ್ಯಾನಗೊಂಡವು ಎಂಬುದು ಅವರ ವಾದದ ಸಾರ. ಅಂದರೆ ಯಾಸ್ಪರ್ಸರು ಚಿಂತನೆಯ ಹುಟ್ಟನ್ನು ಕಂಡೆನೆಂದುಕೊಂಡ ಕಡೆಯಲ್ಲಿ ಅಸ್ಮಾನರು ಕಂಡದ್ದು ಗ್ರಂಥಗಳ ಉಳಿವನ್ನು.

ಈ ಭೇದವನ್ನು ನಮ್ಮ ನೆಲದಲ್ಲಿಯೇ ನೋಡಬಹುದು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಅಶೋಕನ ಬಂಡೆಗಿಂತ ಎಷ್ಟೋ ಹಿಂದಿನಿಂದ ಅಲ್ಲಿ ಜನರು ಬಾಳಿದ ಪದರಗಳು ಕಂಡವು. ತಾಮ್ರಶಿಲಾಯುಗದ ನೆಲೆ, ಅದರ ಮೇಲೆ ಕಬ್ಬಿಣವನ್ನು ಬಳಸಿದ ಬೃಹತ್ ಶಿಲಾಸಮಾಧಿಗಳ ಜನ. ಮುದಗಲ್ಲಿನ ಸಮೀಪದ ಪಿಕ್ಳಿಹಾಳದಲ್ಲಿ ಆಲ್ಚಿನ್ ಅವರು ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಅಗೆದು ತೋರಿಸಿದರು. ಈ ಸೀಮೆಯ ಬೂದಿದಿಬ್ಬಗಳು ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದವು. ಆ ಸುಡುವಿಕೆಯ ಹಿಂದೆ ಋತುಮಾನದ ಯಾವುದೋ ಆಚರಣೆ ಇದ್ದಿರಬಹುದೆಂದು ಅವರು ಭಾವಿಸಿದರು. ಸತ್ತವರ ಬಳಿ ಮಡಕೆಗಳನ್ನೂ ಕಬ್ಬಿಣದ ಉಪಕರಣಗಳನ್ನೂ ಇಟ್ಟು ಮಣ್ಣುಮಾಡಿದ ಆ ಜನರಿಗೆ ಮರಣದ ಕುರಿತು, ಒಳಿತು ಕೆಡುಕುಗಳ ಕುರಿತು ಚಿಂತೆಯೇ ಇರಲಿಲ್ಲವೆಂದು ಹೇಳಬಲ್ಲವರು ಯಾರು? ಅವರು ಬರೆದಿಡಲಿಲ್ಲ, ಅಷ್ಟೆ.

ಕ್ರಿ.ಪೂ. 258ರ ಸುಮಾರಿಗೆ ಮಸ್ಕಿಯಲ್ಲಿ ಬರಹವು ಕಾಣಿಸಿಕೊಂಡಾಗ ಅದು ದೂರದ ಪಾಟಲಿಪುತ್ರದ ಅರಸನ ಬರಹವಾಗಿತ್ತು. ಅದರ ಭಾಷೆ ಈ ನೆಲದ್ದಲ್ಲದ ಪ್ರಾಕೃತ. ಅದರ ಸಾರವು ಶ್ರೇಷ್ಠವಾದದ್ದೇ. ಧರ್ಮದಲ್ಲಿ ಶ್ರಮಿಸಿದರೆ ದೊಡ್ಡವನಷ್ಟೇ ಅಲ್ಲ, ಸಾಮಾನ್ಯನೂ ಉನ್ನತವಾದುದನ್ನು ಪಡೆಯಬಲ್ಲನೆಂದು ಅದು ಸಾರುತ್ತದೆ. ಅಕ್ಷೀಯ ಯುಗದ ಪ್ರತಿಪಾದಕರು ಮೆಚ್ಚುವಂತಹ ಮಾತು ಅದು. ಆದರೆ ಇಲ್ಲಿ ಅದು ‘ತಾನಾಗಿ ಅರಳಿದ’ ಚಿಂತನೆಯಲ್ಲ. ಸಾಮ್ರಾಜ್ಯದ ಅಧಿಕಾರಿಗಳ ಜೊತೆ ದಾರಿ ಹಿಡಿದು ಬಂದದ್ದು. ಪ್ರಾಯಶಃ ಈ ಸೀಮೆಯ ಚಿನ್ನವೇ ಆ ದಾರಿಯನ್ನು ಇಲ್ಲಿಯವರೆಗೆ ತಂದಿತು. ಯಾಸ್ಪರ್ಸರ ಲೆಕ್ಕದಲ್ಲಿ, ಆ ಯುಗದ ಅರಿವಿನಲ್ಲಿ ಪಾಲು ಪಡೆಯದ ಜನರು ಇತಿಹಾಸದ ಹೊಸ್ತಿಲಿನ ಹೊರಗೆ ಪ್ರಕೃತಿಯ ಮಕ್ಕಳಾಗಿ ಉಳಿದವರು. ಹಾಗಾದರೆ ಮಸ್ಕಿಯ ಬಂಡೆಗೆ ಉಳಿ ತಾಗುವ ಹಿಂದಿನ ದಿನದವರೆಗೆ ಈ ದೋಆಬಿನ ಜನರು ಪೂರ್ಣ ಮನುಷ್ಯರಾಗಿರಲಿಲ್ಲವೇ? ಮಾನವಕುಲವನ್ನು ಒಂದುಗೂಡಿಸಲು ಹೊರಟ ವಾದವು ಅದರ ಬಹುಪಾಲನ್ನು ಹೀಗೆ ಹೊರಗಿಡುತ್ತದೆ. ಆಫ್ರಿಕಾದ ಬಹುಭಾಗ, ಅಮೆರಿಕದ ಮೂಲನಿವಾಸಿಗಳು, ದಖ್ಖನಿನ ದನಗಾಹಿಗಳು ಎಲ್ಲರೂ ಹೊರಗೆ.

ಹೊರಗುಳಿದವರಲ್ಲಿ ಇನ್ನು ಯಾರಿದ್ದಾರೆಂಬುದನ್ನು ನಮ್ಮ ಪ್ರವಚನಕಾರರು ಗಮನಿಸಿದಂತಿಲ್ಲ. ಪ್ರವಾದಿ ಇಬ್ರಾಹೀಮ್(ಅ) ಮತ್ತು ಪ್ರವಾದಿ ಮೂಸಾ(ಅ) ಆ ಕಿಟಕಿಗೆ ಮುಂಚಿನವರು. ಪ್ರವಾದಿ ಈಸಾ(ಅ) ಮತ್ತು ಪ್ರವಾದಿ ಮುಹಮ್ಮದ್(ಸ) ಅದರ ನಂತರದವರು. ಕ್ರೈಸ್ತಧರ್ಮ ಮತ್ತು ಇಸ್ಲಾಮ್ ಎರಡೂ ಈ ಚೌಕಟ್ಟಿನಲ್ಲಿ ಆಗಲೇ ಮೂಡಿದ್ದ ಅರಿವಿನ ತಡವಾದ ಚಿಗುರುಗಳು ಮಾತ್ರ. ಇಂದು ಭೂಮಿಯ ಮೇಲಿರುವ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಎರಡು ಧರ್ಮಗಳನ್ನು ಅನುಸರಿಸುವವರು. ಅವರ ಧರ್ಮಗಳ ಆರಂಭವೇ ಹೊರಗುಳಿಯುವ ಅಚ್ಚು ಯಾವ ಚಕ್ರದ್ದು?

ಪ್ರತಿಪಾದಕರ ಉತ್ತರ

ಈ ಆಕ್ಷೇಪಗಳಿಗೆ ಉತ್ತರವೇ ಇಲ್ಲವೆಂದು ಹೇಳಿದರೆ ಅದು ನ್ಯಾಯವಾಗದು. ಸಮಾಜಶಾಸ್ತ್ರಜ್ಞರಾದ ಐಸೆನ್‌ಸ್ಟಾಟ್ ಮತ್ತು ರಾಬರ್ಟ್ ಬೆಲ್ಲಾ ಈ ವಾದವನ್ನು ಯಾಸ್ಪರ್ಸರಿಗಿಂತ ಹೆಚ್ಚಿನ ಎಚ್ಚರದಿಂದ ಬೆಳೆಸಿದರು. ಮುಖ್ಯವಾದದ್ದು ವರ್ಷಗಳ ಲೆಕ್ಕವಲ್ಲ, ಚಿಂತನೆಯ ಬಗೆ; ಈ ಲೋಕದ ಅಧಿಕಾರವನ್ನು ಅದಕ್ಕಿಂತ ಮೇಲಿನ ಒಂದು ಸತ್ಯದ ಮುಂದೆ ನಿಲ್ಲಿಸಿ ಪ್ರಶ್ನಿಸುವ ಶಕ್ತಿ ಕೆಲವು ಸಮಾಜಗಳಲ್ಲಿ ಸ್ಥಿರವಾಗಿ ನೆಲೆಗೊಂಡಿತು; ಅರಸನೂ ನ್ಯಾಯಕ್ಕೆ ಉತ್ತರಿಸಬೇಕೆಂಬ ಭಾವನೆ ಅಲ್ಲಿಂದ ಬೆಳೆಯಿತು ಎಂಬುದು ಅವರ ನಿಲುವು. ಇದರಲ್ಲಿ ತಿರುಳಿದೆ. ಯೆಶಾಯ, ಯೆರೆಮೀಯರಂತಹವರು ಅರಸರ ಮುಖಕ್ಕೇ ನ್ಯಾಯದ ಮಾತನ್ನಾಡಿದುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ಉತ್ತರವನ್ನು ಕೊಟ್ಟ ಕ್ಷಣದಲ್ಲಿಯೇ ‘ಯುಗ’ವು ಕರಗಿಹೋಗುತ್ತದೆ. ಅದು ಚಿಂತನೆಯ ಬಗೆಯಾದರೆ ಯಾವ ಕಾಲದಲ್ಲಿಯೂ ಯಾವ ನಾಡಿನಲ್ಲಿಯೂ ಮೂಡಬಹುದು. ಆಗ ಏಕಕಾಲಿಕತೆಯ ವಿಸ್ಮಯವೂ ಇಲ್ಲ, ಅದರ ಮೇಲೆ ಕಟ್ಟಿದ ತೀರ್ಮಾನವೂ ಇಲ್ಲ. 2018ರಲ್ಲಿ ಅಮೆರಿಕದ ಪ್ರಮುಖ ಸಮಾಜಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಾದವು ಪಟ್ಟಿಮಾಡುವ ಲಕ್ಷಣಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವು ವಿವಿಧ ನಾಡುಗಳಲ್ಲಿ ಮೊದಲು ಯಾವಾಗ ಕಂಡವೆಂದು ಪರಿಶೀಲಿಸಿತು. ಕೆಲವು ಲಕ್ಷಣಗಳು ಕಿಟಕಿಗೆ ಎಷ್ಟೋ ಮುಂಚೆ ಇದ್ದವು, ಯಾಸ್ಪರ್ಸರ ಪಟ್ಟಿಯ ಹೊರಗಿನ ನಾಡುಗಳಲ್ಲಿಯೂ ಇದ್ದವು, ಎಲ್ಲವೂ ಒಟ್ಟಾಗಿ ಒಂದೇ ಅವಧಿಯಲ್ಲಿ ಮೂಡಿದುದು ಕಾಣಲಿಲ್ಲ ಎಂಬುದು ಅದರ ಫಲಿತಾಂಶ.

ನಮ್ಮ ನಿಲುವು

ಈಗ ನಮ್ಮ ಪ್ರವಚನಕಾರರಿಗೆ ಹೇಳಬೇಕಾದ ಮಾತು ಸ್ಪಷ್ಟವಾಗಿದೆ. ಎಲ್ಲ ಸಮುದಾಯಗಳಿಗೂ ಎಚ್ಚರಿಕೆ ನೀಡುವವರು ಬಂದಿದ್ದಾರೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಅವರಲ್ಲಿ ಕೆಲವರ ವೃತ್ತಾಂತವನ್ನು ತಿಳಿಸಲಾಗಿದೆ, ಕೆಲವರದನ್ನು ತಿಳಿಸಲಾಗಿಲ್ಲ ಎಂದೂ ಹೇಳುತ್ತದೆ. ಇದರಲ್ಲಿ ಆರು ನೂರು ವರ್ಷಗಳ ಮಿತಿಯಿಲ್ಲ. ಬರಹವಿದ್ದ ನಾಲ್ಕೈದು ನಾಗರಿಕತೆಗಳ ಮಿತಿಯಿಲ್ಲ. ಅಕ್ಷೀಯ ಯುಗದ ವಾದವು ಹೇಳುವುದಾದರೋ ಇದಕ್ಕೆ ತದ್ವಿರುದ್ಧವಾದುದನ್ನು: ಕೆಲವರಿಗೆ ಬಂದಿತು, ಒಂದು ಅವಧಿಯಲ್ಲಿ ಬಂದಿತು, ಉಳಿದವರು ಕಾಯುತ್ತಿದ್ದರು ಎಂದು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸುವವರು ಕುರ್‌ಆನಿನ ‘ಎಲ್ಲ ಸಮುದಾಯ’ವನ್ನು ತಮಗರಿವಿಲ್ಲದೆಯೇ ‘ಕೆಲವು ಸಮುದಾಯ’ವೆಂದು ತಿದ್ದುತ್ತಿದ್ದಾರೆ.

ಅದರ ಜೊತೆಗೆ ಇನ್ನೊಂದು ತಪ್ಪೂ ನಡೆಯುತ್ತಿದೆ. ಕನ್ಫ್ಯೂಶಿಯಸನೂ ಸಾಕ್ರಟೀಸನೂ ಪ್ರವಾದಿಗಳೆಂದು ವೇದಿಕೆಯ ಮೇಲಿನಿಂದ ಘೋಷಿಸಲಾಗುತ್ತಿದೆ. ಅಲ್ಲಾಹನು ಹೆಸರಿಸದವರನ್ನು ಪ್ರವಾದಿಯೆಂದು ಖಚಿತವಾಗಿ ಕರೆಯುವ ಅಧಿಕಾರವು ನಮಗಿಲ್ಲ. ಅಲ್ಲವೆಂದು ಖಚಿತವಾಗಿ ನಿರಾಕರಿಸುವ ಅಧಿಕಾರವೂ ಇಲ್ಲ. ನಮ್ಮ ಹಿರಿಯ ವಿದ್ವಾಂಸರು ಈ ವಿಷಯದಲ್ಲಿ ಮೌನದ ಎಲ್ಲೆಯನ್ನು ಕಾಯ್ದುಕೊಂಡರು. ಆ ಎಲ್ಲೆಯನ್ನು ದಾಟಲು ಒಬ್ಬ ಜರ್ಮನ್ ತತ್ವಜ್ಞಾನಿಯ ಪಟ್ಟಿಯು ಪರವಾನಗಿಯಾಗದು.

ಇದರ ಪೆಟ್ಟು ಬೀಳುವುದು ನಮ್ಮ ಮಕ್ಕಳ ಮೇಲೆ. ಇಂದು ಸಭೆಯಲ್ಲಿ ಇದನ್ನು ವಿಶ್ವಾಸದ ಪುರಾವೆಯೆಂದು ಕೇಳಿದ ಹುಡುಗಿಯು ನಾಳೆ ಕಾಲೇಜಿನ ಇತಿಹಾಸದ ತರಗತಿಯಲ್ಲಿ ಜರತುಷ್ಟ್ರನ ಕಾಲವು ಅನಿಶ್ಚಿತವೆಂದೂ ಆರು ನೂರು ವರ್ಷದ ಕಿಟಕಿಯು ಕೃತಕವೆಂದೂ ಕಲಿಯುತ್ತಾಳೆ. ಆಗ ಆಕೆಯ ಮನಸ್ಸಿನಲ್ಲಿ ಕುಸಿಯುವುದು ಯಾಸ್ಪರ್ಸರ ವಾದ ಮಾತ್ರವೇ? ಅದಕ್ಕೆ ನಾವು ಕಟ್ಟಿದ ವಿಶ್ವಾಸವೂ ಜೊತೆಯಲ್ಲಿ ಅಲುಗಾಡುವುದಿಲ್ಲವೇ? ಹಾಗೆಯೇ, ಈ ವಾದವನ್ನು ಹಿಡಿದು ದಿವ್ಯವಾಣಿಯನ್ನು ನಿರಾಕರಿಸುವವರ ಮುಂದೆಯೂ ಆಕೆ ಬೆದರಬೇಕಾಗಿಲ್ಲ. ಎಲ್ಲೆಡೆ ಒಟ್ಟಿಗೆ ಮೂಡಿತೆಂಬುದೇ ಸಿದ್ಧವಾಗದಿರುವಾಗ, ಅದು ಸಮಾಜದ ಹಂತವೊಂದರ ಫಲವೆಂಬ ಅವರ ತೀರ್ಮಾನಕ್ಕೂ ನೆಲೆಯಿಲ್ಲ.

ಆದುದರಿಂದ ದೇವದುರ್ಗ, ಮಾನ್ವಿ, ರಾಯಚೂರುಗಳ ನಮ್ಮ ಅಧ್ಯಯನ ಕೂಟಗಳಿಗೆ ನಮ್ಮ ವಿನಂತಿ ಇಷ್ಟೇ. ಅಕ್ಷೀಯ ಯುಗದ ಚರ್ಚೆಯನ್ನು ಬಿಡಬೇಡಿ. ಅದನ್ನು ಇತಿಹಾಸದ ವಿಷಯವಾಗಿ, ಅದರ ಮೇಲಿನ ಆಕ್ಷೇಪಗಳ ಸಮೇತ ಓದಿರಿ. ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿ ಆ ಬಂಡೆಯನ್ನು ತೋರಿಸಿರಿ. ಒಂದು ಹೆಸರು ಹೇಗೆ ಕಾಲಗಣನೆಯನ್ನು ಗಟ್ಟಿಗೊಳಿಸಿತು, ಅಷ್ಟು ಗಟ್ಟಿಯಾದ ಮೇಲೂ ಎಷ್ಟು ಸಂದೇಹ ಉಳಿಯಿತು ಎಂಬುದನ್ನು ವಿವರಿಸಿರಿ. ಪ್ರವಾದಿತ್ವದ ವಿಷಯವನ್ನು ಬೋಧಿಸುವಾಗ ಅದರ ಸ್ವಂತ ಆಧಾರಗಳಿಂದಲೇ ಬೋಧಿಸಿರಿ. ಸತ್ಯವನ್ನು ಎತ್ತಿಹಿಡಿಯಲು ಸಡಿಲವಾದ ಇತಿಹಾಸದ ಊರುಗೋಲು ಬೇಕಾಗಿಲ್ಲ. ಅಂತಹ ಊರುಗೋಲು ಮುರಿದಾಗ ಬೀಳುವವರು ಅದರ ಮೇಲೆ ಭಾರ ಹಾಕಿದವರು ಮಾತ್ರ.